ಸ್ಕೂಟರಿನೊಳಗೆ ಹದಿನೈದು ಎಕರೆ

ಬೆಂಗಳೂರಿನ ಯಾವ ಸಿಗ್ನಲ್‌ನಲ್ಲಿ ನಿಂತರೂ ಪಕ್ಕದಲ್ಲಿ ಸದ್ದಿಲ್ಲದ ಸ್ಕೂಟರ್ ಒಂದಾದರೂ ಇರುತ್ತದೆ. ಅದರ ಬ್ಯಾಟರಿ 3 ಯೂನಿಟ್ ಕರೆಂಟು ಹಿಡಿಯುವಂಥದ್ದು ಎಂದಿಟ್ಟುಕೊಳ್ಳೋಣ. ಯೂನಿಟ್ ಎಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್-ಅವರ್. ಪೂರ್ತಿ ಚಾರ್ಜ್ ಮಾಡಿದರೆ ಸ್ಕೂಟರ್ ಸುಮಾರು 100 ಕಿಲೋಮೀಟರ್ ಓಡುತ್ತದೆ. ಊರಿನ ಟ್ರಾಫಿಕ್ಕಿನಲ್ಲಿ ಅದಕ್ಕೆ ಮೂರು ಗಂಟೆ ಹಿಡಿಯುತ್ತದೆ.

ಆ ಮೂರು ಗಂಟೆಯಲ್ಲಿ ಬ್ಯಾಟರಿಯೊಳಗೆ ಎಷ್ಟು ಲಿಥಿಯಂ ಅಯಾನುಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಿರುತ್ತವೆ? ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು, ದೊಡ್ಡ ಗಣಿತವೇನೂ ಬೇಡ. ಇಂದು ಹೆಚ್ಚಾಗಿ ಬಳಕೆಗೆ ಬರುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜು 3.2. ಮೂರು ಯೂನಿಟ್‌ನ 3,000 ವ್ಯಾಟ್-ಅವರ್ ಅನ್ನು 3.2ರಿಂದ ಭಾಗಿಸಿದರೆ ಸುಮಾರು 940 ಆಂಪಿಯರ್-ಅವರ್ ಬರುತ್ತದೆ. ಇನ್ವರ್ಟರ್ ಬ್ಯಾಟರಿ ಕೊಳ್ಳಲು ಹೋದಾಗ ಅಂಗಡಿಯವರು ‘150 ಎಎಚ್’ ಅನ್ನುತ್ತಾರಲ್ಲ, ಅದೇ ಎಎಚ್. ಒಂದು ಎಎಚ್ ಕರೆಂಟು ಹರಿಯಬೇಕಾದರೆ 0.26 ಗ್ರಾಂ ಲಿಥಿಯಂ ಜಾಗ ಬದಲಿಸಬೇಕು. ಇದು ಯಾವ ಕಂಪನಿಯ ಜಾಣತನಕ್ಕೂ ಬಗ್ಗುವ ಸಂಖ್ಯೆಯಲ್ಲ. ಒಂದು ಲಿಥಿಯಂ ಅಯಾನಿಗೆ ಒಂದೇ ಎಲೆಕ್ಟ್ರಾನು ಎಂಬುದು ಪ್ರಕೃತಿ ಹಾಕಿಕೊಟ್ಟ ಲೆಕ್ಕ. 940 ಎಎಚ್‌ಗೆ ಅದು 243 ಗ್ರಾಂ ಆಗುತ್ತದೆ.

ಕಾಲು ಕಿಲೋಗೆ ತುಸು ಕಡಿಮೆ. ಇಬ್ಬರನ್ನು ಹೊತ್ತು 100 ಕಿಲೋಮೀಟರ್ ಓಡಿಸಲು ಕಾಲು ಕಿಲೋ ಲಿಥಿಯಂ ಸಾಕು, ಅದೂ ಸುಟ್ಟುಹೋಗದೆ, ಬರೀ ಸರಿದಾಡಿಯೇ. ಆ ಕಾಲು ಕಿಲೋದಲ್ಲಿರುವ ಪರಮಾಣುಗಳನ್ನು ಎಣಿಸಿದರೆ 21ರ ಮುಂದೆ 24 ಸೊನ್ನೆ ಬರೆಯಬೇಕಾಗುತ್ತದೆ. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ 21,000 ಕೋಟಿ ಕೋಟಿ ಕೋಟಿ. ಕೋಟಿಯನ್ನು ಕೋಟಿಯಿಂದ, ಅದನ್ನು ಮತ್ತೆ ಕೋಟಿಯಿಂದ ಗುಣಿಸಿ, ಬಂದದ್ದನ್ನು 21,000ದಿಂದ ಗುಣಿಸಬೇಕು. ಸ್ಕೂಟರ್ ಓಡುವಾಗ ಸೆಕೆಂಡಿಗೆ 2 ಕೋಟಿ ಕೋಟಿ ಕೋಟಿ ಅಯಾನುಗಳು ಗಡಿ ದಾಟುತ್ತಿರುತ್ತವೆ.

ನನ್ನನ್ನು ಇದಕ್ಕಿಂತ ಬೆರಗಾಗಿಸುವುದು ಅವು ಕ್ರಮಿಸುವ ದೂರ. ಸೆಲ್‌ನೊಳಗೆ ಒಂದು ಬದಿ ಆನೋಡ್, ಇನ್ನೊಂದು ಬದಿ ಕ್ಯಾಥೋಡ್, ನಡುವೆ ತೂತುತೂತಾದ ತೆಳು ಪ್ಲಾಸ್ಟಿಕ್ ಪೊರೆ. ಮೂರೂ ಸೇರಿ ದಪ್ಪ 0.2 ಮಿಲಿಮೀಟರ್ ದಾಟುವುದಿಲ್ಲ. ಚಕ್ರ 100 ಕಿಲೋಮೀಟರ್ ಉರುಳುವಷ್ಟರಲ್ಲಿ ಅತಿ ದೂರ ಹೋದ ಅಯಾನು ಕೂಡ ಒಂದು ಮಿಲಿಮೀಟರಿನ ಐದನೇ ಒಂದು ಪಾಲಿನೊಳಗೇ ಇರುತ್ತದೆ.

ದಾರಿ ಅಷ್ಟು ಕಿರಿದಾಗಿರಬೇಕೆಂದರೆ ಬಾಗಿಲು ಅಷ್ಟೇ ಅಗಲವಾಗಿರಬೇಕು. ಕ್ಯಾಥೋಡ್ ಪುಡಿಯನ್ನು ಅಂಟಿನ ಜೊತೆ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಬಳಿದು, ಒಣಗಿಸಿ, ಉರುಳೆಗಳ ನಡುವೆ ಒತ್ತಿ, ಆಮೇಲೆ ಸುತ್ತುತ್ತಾರೆ. ಪ್ರತಿ ಚದರ ಸೆಂಟಿಮೀಟರಿನ ಲೇಪಕ್ಕೆ ಸುಮಾರು 3 ಮಿಲಿಆಂಪಿಯರ್-ಅವರ್ ಕೊಡುವ ತಾಕತ್ತು. 940 ಎಎಚ್‌ಗೆ ಆ ಲೇಪ 31 ಚದರ ಮೀಟರ್ ಬೇಕು, ಅಂದರೆ 335 ಚದರ ಅಡಿ, ಸಣ್ಣದೊಂದು ಒಂಟಿ ಕೋಣೆಯ ಮನೆಯಷ್ಟು. ಅದೆಲ್ಲ ಸುತ್ತಿಸುತ್ತಿ ಕಾಲಿಡುವ ಜಾಗದ ಕೆಳಗೋ ಸೀಟಿನ ಕೆಳಗೋ ಕೂತಿದೆ. 60 ಯೂನಿಟ್‌ನ ಕಾರಿನ ಬ್ಯಾಟರಿಯನ್ನು ಹೀಗೆ ಬಿಚ್ಚಿ ಹಾಸಿದರೆ ಆರು ಗುಂಟೆ ನೆಲ ಬೇಕಾಗುತ್ತದೆ.

ಇಷ್ಟರಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಸಾಮಾನ್ಯ ಬಳಕೆಯಲ್ಲಿರುವ ಯಾವ ಬಗೆಯ ಲಿಥಿಯಂ ಬ್ಯಾಟರಿ ತೆಗೆದುಕೊಂಡರೂ ಮೂರು ಯೂನಿಟ್‌ಗೆ ಓಡಾಡುವ ಲಿಥಿಯಂ ಇನ್ನೂರರಿಂದ ಇನ್ನೂರೈವತ್ತು ಗ್ರಾಂ ಒಳಗೇ. ಬದಲಾಗುವುದು ಅದು ಹೋಗಿ ತಂಗುವ ಮನೆ. ಬ್ಯಾಟರಿಯ ಬೆಲೆ, ಭಾರ, ಬೆಂಕಿಯ ಭಯ ಇವೆಲ್ಲದರ ಬಹುಪಾಲು ಆ ಮನೆಯ ಕಟ್ಟೋಣದಿಂದ ಬರುತ್ತದೆ.

ಆನೋಡ್ ಕಡೆಯ ಮನೆ ಬಹುಮಟ್ಟಿಗೆ ಎಲ್ಲ ಬ್ಯಾಟರಿಗಳಲ್ಲೂ ಒಂದೇ: ಗ್ರಾಫೈಟ್, ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಅದೇ ವಸ್ತು. ಇಂಗಾಲದ ಹಾಳೆಗಳು ಒಂದರ ಮೇಲೊಂದು ಜೋಡಿಸಿದ ಹಾಗಿರುತ್ತವೆ, ಎರಡು ಹಾಳೆಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಕೋಟಿಯಲ್ಲಿ 3.35 ಪಾಲು. ಚಾರ್ಜ್ ಮಾಡುವಾಗ ಲಿಥಿಯಂ ಆ ಸಂದಿಗೆ ನುಗ್ಗಿ ಕೂರುತ್ತದೆ, ಅಂತರ 3.35ರಿಂದ 3.70ಕ್ಕೆ ಹಿಗ್ಗುತ್ತದೆ. ಹಾಳೆ ಹರಿಯುವುದಿಲ್ಲ, ಇಂಗಾಲದ ಬಂಧಗಳು ಮುರಿಯುವುದಿಲ್ಲ. ಲಿಥಿಯಂ ಹೊರಟುಹೋದ ಮೇಲೆ ಸಂದಿ ಮತ್ತೆ ಮುಚ್ಚಿಕೊಳ್ಳುತ್ತದೆ. ಹೀಗೆ ಗಟ್ಟಿ ಹರಳಿನ ಸಂದಿಗೆ ಹೊರಗಿನವರು ಬಂದು, ಹರಳನ್ನು ಕೆಡಿಸದೆ ಇದ್ದು ಹೋಗುವುದನ್ನು ಇಂಟರ್ಕಲೇಷನ್ ಎನ್ನುತ್ತಾರೆ. ನಮ್ಮ ಸ್ಕೂಟರಿನಲ್ಲಿ ಸುಮಾರು 2.7 ಕಿಲೋ ಗ್ರಾಫೈಟ್ ಇದೆ. ರಾತ್ರಿ ಚಾರ್ಜಿಗೆ ಹಾಕಿದರೆ ಅದರ ಗಾತ್ರ ಶೇ. 10ರಷ್ಟು ಉಬ್ಬುತ್ತದೆ, ಹಗಲು ಓಡಾಡುವಾಗ ಇಳಿಯುತ್ತದೆ.

ಒಂದು ಲಿಥಿಯಂ ಕೂರಬೇಕಾದರೆ ಆರು ಇಂಗಾಲ ಬೇಕು. ಹಾಗಾಗಿ ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಮಿಲಿಆಂಪಿಯರ್-ಅವರ್ ಹಿಡಿದೀತು. ಸಿಲಿಕಾನ್ ಇದರ ಒಂಬತ್ತು ಪಟ್ಟಿಗೂ ಹೆಚ್ಚು ಹಿಡಿಯುತ್ತದೆ. ಆದರೆ ಅದು ಉಬ್ಬುವುದು ಶೇ. 10 ಅಲ್ಲ, ಶೇ. 300ರ ಹತ್ತಿರ. ಅಷ್ಟು ಉಬ್ಬಿ ಇಳಿಯುವ ಕಣ ನಾಲ್ಕು ದಿನಕ್ಕೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಸದ್ಯಕ್ಕೆ ಗ್ರಾಫೈಟ್ ಜೊತೆ ಅಷ್ಟಿಷ್ಟು ಬೆರೆಸಿ ಸಿಲಿಕಾನನ್ನು ಪಳಗಿಸುತ್ತಿದ್ದಾರೆ, ಅಷ್ಟೆ.

ನಿಜವಾದ ಆಯ್ಕೆ ಇರುವುದು ಕ್ಯಾಥೋಡ್ ಕಡೆ.

1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಜಪಾನಿನಿಂದ ಬಂದಿದ್ದ ಕೊಯಿಚಿ ಮಿಜುಶಿಮಾ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಎಂಬ ಮನೆಯನ್ನು ಪತ್ತೆ ಮಾಡಿತು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಇದ್ದದ್ದು ಇದೇ ಕ್ಯಾಥೋಡ್. ಇಂದಿಗೂ ನಮ್ಮ ಕೈಯಲ್ಲಿರುವ ಫೋನಿನಲ್ಲಿರುವುದು ಹೆಚ್ಚಾಗಿ ಇದೇ. ಇದರ ಸೂತ್ರ LiCoO₂. ಕೋಬಾಲ್ಟ್ ಮತ್ತು ಆಮ್ಲಜನಕ ಸೇರಿ ಆದ ಅಂತಸ್ತುಗಳು, ಅಂತಸ್ತುಗಳ ನಡುವೆ ಲಿಥಿಯಂ. 98 ಗ್ರಾಂ ಪುಡಿಯಲ್ಲಿ ಸುಮಾರು 7 ಗ್ರಾಂ ಲಿಥಿಯಂ ಇದೆ. ಅಷ್ಟನ್ನೂ ಹೊರತೆಗೆದರೆ 26.8 ಎಎಚ್ ಸಿಗಬೇಕು. ಅಂದರೆ ಗ್ರಾಮಿಗೆ 274 ಮಿಲಿಆಂಪಿಯರ್-ಅವರ್, ಕಾಗದದ ಮೇಲೆ.

ಕೈಗೆ ಸಿಗುತ್ತಿದ್ದದ್ದು ಸುಮಾರು 140, ಅರ್ಧ. ಕಾರಣ ಆ ಕಟ್ಟೋಣದಲ್ಲೇ ಇದೆ. ಅಂತಸ್ತುಗಳನ್ನು ಹಿಡಿದು ನಿಲ್ಲಿಸಿರುವುದು ನಡುವೆ ಕೂತ ಧನ ಅಯಾನುಗಳು. ಅವು ಅರ್ಧಕ್ಕಿಂತ ಹೆಚ್ಚು ಖಾಲಿಯಾದರೆ ಎದುರುಬದುರಾದ ಆಮ್ಲಜನಕದ ಪದರಗಳು ಒಂದನ್ನೊಂದು ದೂಡುತ್ತವೆ, ಹರಳಿನ ಜೋಡಣೆ ಸರಿದು ವಿಕಾರಗೊಳ್ಳುತ್ತದೆ, ಹೋದ ಲಿಥಿಯಂ ಮರಳಿ ಬಂದರೆ ಮೊದಲಿನ ಜಾಗ ಇರುವುದಿಲ್ಲ. ಫೋನ್ ತಯಾರಕರು ಕಣಗಳಿಗೆ ಲೇಪ ಬಳಿದು, ಬೇರೆ ಲೋಹ ಚಿಟಿಕೆಯಷ್ಟು ಬೆರೆಸಿ, ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸಿ ಇದನ್ನು 170ರ ಆಸುಪಾಸಿಗೆ ತಂದಿದ್ದಾರೆ. ಆಮೇಲಿನ ಹಾದಿ ದುಬಾರಿ.

ಕೋಬಾಲ್ಟಿನ ಜಾಗದಲ್ಲಿ ನಿಕ್ಕೆಲ್ ಮತ್ತು ಮ್ಯಾಂಗನೀಸ್ ತುಂಬಿದರೆ ಎನ್‌ಎಂಸಿ ಎಂಬ ಬಗೆ ಸಿಗುತ್ತದೆ. ಕಟ್ಟೋಣ ಅದೇ, ಇಟ್ಟಿಗೆ ಬೇರೆ. ನಿಕ್ಕೆಲ್ ಹೆಚ್ಚಿದಷ್ಟೂ ಲಿಥಿಯಂ ಹೆಚ್ಚು ಹೊರಬರುತ್ತದೆ. ಹತ್ತರಲ್ಲಿ ಎಂಟು ಪಾಲು ನಿಕ್ಕೆಲ್ ಇರುವ ಎನ್‌ಎಂಸಿ ಗ್ರಾಮಿಗೆ 190ರಷ್ಟು ಕೊಡುತ್ತದೆ. ಕಾರು ದೂರ ಓಡಬೇಕು ಅನ್ನುವವರು ಇದರ ಬೆನ್ನು ಹತ್ತಿದ್ದು ಸಹಜವೇ.

ಮೂರನೆಯ ಮನೆಯ ಕಥೆ ಬೇರೆ. 1997ರಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಗುಡ್‌ಇನಫ್ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಪ್ರಬಂಧದ ಲೇಖಕರು ಮೂವರು: ಅಕ್ಷಯ ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಕೊನೆಯಲ್ಲಿ ಗುಡ್‌ಇನಫ್. ಇಂದು ಜಗತ್ತಿನ ವಿದ್ಯುತ್ ಕಾರುಗಳಿಗೆ ಹೋಗುವ ಬ್ಯಾಟರಿಯಲ್ಲಿ ಹತ್ತಿರ ಹತ್ತಿರ ಅರ್ಧಪಾಲು ಆ ಪ್ರಬಂಧದಲ್ಲಿ ವರ್ಣಿಸಿದ ವಸ್ತುವಿನದ್ದು. ಲಿಥಿಯಂ ಐರನ್ ಫಾಸ್ಫೇಟ್, ಬಳಕೆಯಲ್ಲಿ ಎಲ್‌ಎಫ್‌ಪಿ. ಗುಡ್‌ಇನಫ್ ಅವರಿಗೆ 2019ರಲ್ಲಿ 97ರ ವಯಸ್ಸಿನಲ್ಲಿ ನೊಬೆಲ್ ಬಂತು. ಮಿಕ್ಕ ಇಬ್ಬರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿಯಾದರೂ ಬಂದಿದ್ದರೆ ಚೆನ್ನಾಗಿತ್ತು.

ಆ ದಿನಗಳಲ್ಲಿ ಇದನ್ನು ನೋಡಿದವರಿಗೆ ದೊಡ್ಡ ಭರವಸೆ ಹುಟ್ಟುವಂತಿರಲಿಲ್ಲ. ಕಾಗದದ ಮೇಲೆಯೇ ಇದರ ಸಾಮರ್ಥ್ಯ ಗ್ರಾಮಿಗೆ 170, ಏಕೆಂದರೆ ಒಂದು ಲಿಥಿಯಂ ಕೂರಿಸಲು ಕಬ್ಬಿಣ, ರಂಜಕ, ನಾಲ್ಕು ಆಮ್ಲಜನಕ ಎಲ್ಲವನ್ನೂ ಹೊರಬೇಕು. ಪ್ರಯೋಗದಲ್ಲಿ ಹೊರಬಂದ ಲಿಥಿಯಂ ಅದರಲ್ಲೂ ಹತ್ತರಲ್ಲಿ ಆರು ಪಾಲು ಮಾತ್ರ. ವಸ್ತುವಿನೊಳಗೆ ಎಲೆಕ್ಟ್ರಾನ್ ಹರಿಯುವುದಂತೂ ಕೋಬಾಲ್ಟ್ ಆಕ್ಸೈಡಿಗೆ ಹೋಲಿಸಿದರೆ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ, ಬಹುಮಟ್ಟಿಗೆ ನಿರೋಧಕ ಎನ್ನಬೇಕು. ಲಿಥಿಯಂ ಓಡಾಡಲು ಅಂತಸ್ತು ಅಂತಸ್ತಿಗೆ ಬಯಲಿಲ್ಲ, ಒಂದೇ ದಿಕ್ಕಿನ ಕಿರುಸುರಂಗಗಳಿವೆ. ದಾರಿ ತಪ್ಪಿದ ಒಂದೇ ಒಂದು ಕಬ್ಬಿಣದ ಪರಮಾಣು ಸುರಂಗದ ನಡುವೆ ಕೂತರೂ ಆ ದಾರಿ ಅಲ್ಲಿಗೆ ಬಂದ್.

ಇದಕ್ಕೆ ಸಿಕ್ಕ ಮದ್ದು ಎರಡು. ಒಂದು, ಕಣದ ಮೈಗೆ ತೆಳ್ಳಗೆ ಇಂಗಾಲ ಸವರುವುದು, ಎಲೆಕ್ಟ್ರಾನುಗಳು ಅದರ ಮೇಲೆ ಓಡಾಡಲಿ ಅಂತ. ಇನ್ನೊಂದು, ಕಣವನ್ನೇ ಚಿಕ್ಕದು ಮಾಡುವುದು. ಈ ಎರಡನೆಯದರ ಹಿಂದೆ ಒಂದು ಸೊಗಸಾದ ಲೆಕ್ಕವಿದೆ. ಗಟ್ಟಿ ವಸ್ತುವಿನೊಳಗೆ ಅಯಾನು ದಾಟಲು ಬೇಕಾದ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೂರ ಹತ್ತು ಪಟ್ಟು ಇಳಿದರೆ ಸಮಯ ನೂರು ಪಟ್ಟು ಇಳಿಯುತ್ತದೆ. ಒಂದು ಕಣ ಖಾಲಿಯಾಗಲು 100 ಗಂಟೆ ಬೇಕಿದ್ದರೆ, ಅದರ ಹತ್ತನೇ ಒಂದು ಅಗಲದ ಕಣಕ್ಕೆ ಒಂದೇ ಗಂಟೆ ಸಾಕು. ವಸ್ತು ಅದೇ, ಸುರಂಗ ಅದೇ, ಉದ್ದ ಮಾತ್ರ ಕಡಿಮೆ.

ಹೀಗಾಗಿ ಇಂದಿನ ಎಲ್‌ಎಫ್‌ಪಿ ಪುಡಿಯ ಕಣ ಸುಮಾರು 150 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರೇಳು ಸಾವಿರ ಕಣ ಸಾಲಾಗಿ ನಿಂತಾವು. ನಮ್ಮ ಸ್ಕೂಟರಿನಲ್ಲಿ ಇಂಥ ಪುಡಿ 6 ಕಿಲೋ ಇದೆ. ಒಂದೊಂದು ಕಣದಲ್ಲೂ ಎರಡು ಕೋಟಿ ಲಿಥಿಯಂ ಪರಮಾಣು. ಕಣಗಳ ಸಂಖ್ಯೆಯೋ, ಹತ್ತಿರ ಹತ್ತಿರ 1ರ ಮುಂದೆ 18 ಸೊನ್ನೆ. ಅವುಗಳ ಹೊರಮೈಯನ್ನೆಲ್ಲ ಕೂಡಿದರೆ ಗ್ರಾಮಿಗೆ 10 ಚದರ ಮೀಟರ್ ಅಂತ ಹಿಡಿದರೂ 6 ಕಿಲೋಗೆ 60,000 ಚದರ ಮೀಟರ್ ಆಗುತ್ತದೆ. ಎಕರೆಗೆ ತಿರುಗಿಸಿದರೆ ಹದಿನೈದು. ಹಾಳೆಯಾಗಿ ಬಿಚ್ಚಿದಾಗ ಒಂದು ಕೋಣೆಯಷ್ಟಿದ್ದದ್ದು ಕಣಕಣವಾಗಿ ಬಿಡಿಸಿದರೆ ಹದಿನೈದು ಎಕರೆ ಹೊಲವಾಗುತ್ತದೆ. ಲಿಥಿಯಂ ಒಳಹೊಕ್ಕು ಹೊರಬರುವ ಬಾಗಿಲುಗಳೆಲ್ಲ ಆ ಹದಿನೈದು ಎಕರೆಯ ಮೇಲಿವೆ. ಒಂದು ಕಾಲಕ್ಕೆ ಕರೆಂಟೇ ಹರಿಯದು ಅನ್ನಿಸಿಕೊಂಡ ವಸ್ತು ಈಗ ಗ್ರಾಮಿಗೆ 155ರಷ್ಟು ಕೊಡುತ್ತದೆ, ತನ್ನ ಲಿಥಿಯಂನಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಕಳಿಸಿಯೂ ನೆಟ್ಟಗೆ ನಿಲ್ಲುತ್ತದೆ.

ಆದರೂ ಫೋನಿಗೆ ಇದು ಬರಲಿಲ್ಲ. ಇದೇ ಮೂರು ಯೂನಿಟ್‌ಗೆ ನಿಕ್ಕೆಲ್ ಹೆಚ್ಚಿರುವ ಎನ್‌ಎಂಸಿ 4.3 ಕಿಲೋ ಸಾಕು, ಎಲ್‌ಎಫ್‌ಪಿ 6 ಕಿಲೋ ಬೇಕು. ಸಾಲದೆಂಬಂತೆ ಎಲ್‌ಎಫ್‌ಪಿ ಹರಳು ಹಗುರ ಬೇರೆ, ಜಾಗ ಹೆಚ್ಚು ತಿನ್ನುತ್ತದೆ. ಹರಳಿನ ಗಾತ್ರವನ್ನಷ್ಟೇ ಹೋಲಿಸಿದರೆ 0.9 ಲೀಟರಿನ ಜಾಗದಲ್ಲಿ 1.7 ಲೀಟರ್. ಜೇಬಿನಲ್ಲಿ ಇದಕ್ಕೆ ಜಾಗವಿಲ್ಲ. ಸ್ಕೂಟರ್, ಬಸ್ಸು, ಮನೆಯ ಮೂಲೆಯಲ್ಲಿ ಕೂರುವ ಸೋಲಾರ್ ಬ್ಯಾಟರಿಗಳಲ್ಲಿ ಇದೆ.

ಬೆಲೆಯ ಕಡೆ ತಿರುಗಿದರೆ ಇದೇ ಭಾರದ ಕಬ್ಬಿಣ ಬೇರೆಯಾಗಿ ಕಾಣುತ್ತದೆ. ಸ್ಕೂಟರಿನ ಬ್ಯಾಟರಿಯನ್ನು ನಿಕ್ಕೆಲ್, ಮ್ಯಾಂಗನೀಸ್, ಕೋಬಾಲ್ಟ್ ಸಮಪಾಲಿರುವ ಹಳೆಯ ಎನ್‌ಎಂಸಿಯಿಂದ ಮಾಡಿದ್ದರೆ ಒಂದು ಕಿಲೋಗಿಂತ ತುಸು ಹೆಚ್ಚು ಕೋಬಾಲ್ಟ್ ಬೇಕಾಗುತ್ತಿತ್ತು. 2018ರ ಮಾರ್ಚಿನಲ್ಲಿ ಕೋಬಾಲ್ಟ್ ಟನ್ನಿಗೆ 95,000 ಡಾಲರ್ ಮುಟ್ಟಿತ್ತು. ಅಂದಿನ ಲೆಕ್ಕದಲ್ಲಿ ಒಂದೇ ಸ್ಕೂಟರಿನಲ್ಲಿ ಆರು ಸಾವಿರ ರೂಪಾಯಿಗೂ ಮೇಲಿನ ಕೋಬಾಲ್ಟ್. ಮರುವರ್ಷ ಬೆಲೆ ಮೂರನೇ ಒಂದು ಪಾಲಿಗೆ ಇಳಿಯಿತು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕಾಂಗೋ ಎಂಬ ಒಂದೇ ದೇಶದ್ದು, ಅಲ್ಲಿ ಸೀನಿದರೆ ಇಲ್ಲಿ ನೆಗಡಿ.

ಕೋಬಾಲ್ಟ್ ಬಿಟ್ಟು ನಿಕ್ಕೆಲ್ ಕಡೆ ಹೋದವರಿಗೂ ನೆಮ್ಮದಿ ಸಿಗಲಿಲ್ಲ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕೆಲ್ ಬೆಲೆ ಗಂಟೆಗಳ ಲೆಕ್ಕದಲ್ಲಿ ಟನ್ನಿಗೆ 1,00,000 ಡಾಲರ್ ದಾಟಿತು. ಕೇಂದ್ರ ವ್ಯಾಪಾರವನ್ನೇ ನಿಲ್ಲಿಸಿ, ಆ ದಿನ ಆಗಿದ್ದ ವಹಿವಾಟುಗಳನ್ನು ರದ್ದು ಮಾಡಬೇಕಾಯಿತು.

ಎಲ್‌ಎಫ್‌ಪಿಯ 6 ಕಿಲೋದಲ್ಲಿ ಕಬ್ಬಿಣ 2.1 ಕಿಲೋ. ಅಷ್ಟು ಕಬ್ಬಿಣಕ್ಕೆ ಮೂರೂವರೆ ಕಿಲೋ ಒಳ್ಳೆಯ ಅದಿರು ಸಾಕು. ಟನ್ನಿಗೆ 100 ಡಾಲರಿನಂತೆ ಅದರ ಬೆಲೆ ಮೂವತ್ತು ರೂಪಾಯಿ. ಸಂಡೂರಿನ ಕಡೆ ಲಾರಿಯಿಂದ ಉದುರಿದ ಅದಿರನ್ನು ರಸ್ತೆ ಬದಿಯಲ್ಲಿ ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ. ಹಾಗೆಂದು ಎಲ್‌ಎಫ್‌ಪಿ ಪುಕ್ಕಟೆ ಅಂದುಕೊಳ್ಳಬಾರದು. ಬ್ಯಾಟರಿಗೆ ಬೇಕಾದ ಶುದ್ಧಿಯ ಕಬ್ಬಿಣದ ಫಾಸ್ಫೇಟ್, ಲಿಥಿಯಂ, ನ್ಯಾನೋ ಗಾತ್ರಕ್ಕೆ ಅರೆಯುವುದು, ಗಾಳಿ ತಾಗದ ಹಾಗೆ ಕುಲುಮೆಯಲ್ಲಿ ಬೇಯಿಸುವುದು, ಎಲ್ಲಕ್ಕೂ ಖರ್ಚಿದೆ. ಲೋಹದ ಬೆಲೆಯ ಏರಿಳಿತ ಮಾತ್ರ ಇದನ್ನು ಅಷ್ಟಾಗಿ ಅಲ್ಲಾಡಿಸುವುದಿಲ್ಲ. ಅಲ್ಲಾಡಿಸುವುದು ಲಿಥಿಯಂ ಒಂದೇ.

ಲಿಥಿಯಂ ಅಂದಾಗ ಮಂಡ್ಯ ನೆನಪಾಗದೆ ಇರದು. ಮಾರ್ಲಗಲ್ಲದ ಬಳಿಯ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇದೆಯೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜಿಸಿತು. ಅದಕ್ಕೆ ಮೊದಲು ಹದಿನಾಲ್ಕು ಸಾವಿರ ಟನ್ನುಗಳ ಮಾತು ಹರಿದಾಡಿ ಊರೆಲ್ಲ ಸಂಭ್ರಮಪಟ್ಟಿತ್ತು. ಅಲ್ಪಸ್ವಲ್ಪ ನಷ್ಟವನ್ನೂ ಸೇರಿಸಿ ಸ್ಕೂಟರಿಗೆ 300 ಗ್ರಾಂ ಹಿಡಿದರೆ, ಆ 1,600 ಟನ್ ಪೂರ್ತಿ ಕೈಗೆ ಬಂದರೂ 53 ಲಕ್ಷ ಸ್ಕೂಟರ್ ಆಗುತ್ತವೆ. ಭಾರತದಲ್ಲಿ ವರ್ಷಕ್ಕೆ ಮಾರಾಟವಾಗುವ ದ್ವಿಚಕ್ರ ವಾಹನ ಸುಮಾರು ಎರಡು ಕೋಟಿ. ಎಲ್ಲವೂ ವಿದ್ಯುತ್ತಿನವೇ ಆದರೆ ಮಂಡ್ಯದ ನಿಧಿ ಮೂರು ತಿಂಗಳಿಗೆ ಸಾಕು.

ಇನ್ನು ಬೆಂಕಿ. ಅದು ಹೊತ್ತಲು ಉರುವಲು, ಶಾಖ, ಆಮ್ಲಜನಕ ಮೂರೂ ಬೇಕೆಂದು ಶಾಲೆಯಲ್ಲಿ ಓದಿದ್ದೇವೆ. ಬ್ಯಾಟರಿಯೊಳಗೆ ಉರುವಲಿಗೆ ಕೊರತೆಯಿಲ್ಲ, ಅಯಾನುಗಳು ಈಜುವ ದ್ರವವೇ ಹೊತ್ತಿ ಉರಿಯುವ ಜಾತಿಯದು. ಶಾಖವನ್ನು ಒಂದು ಕಿರು ಶಾರ್ಟ್ ಸರ್ಕ್ಯೂಟ್ ಒದಗಿಸಬಲ್ಲದು. ಮೊಹರು ಹಾಕಿದ ಡಬ್ಬಿಯೊಳಗೆ ಆಮ್ಲಜನಕ ಎಲ್ಲಿಂದ ಬರಬೇಕು? ಕ್ಯಾಥೋಡಿನಿಂದಲೇ. ಅರ್ಧ ಲಿಥಿಯಂ ಕಳೆದುಕೊಂಡು ನಿಂತ ಕೋಬಾಲ್ಟ್ ಆಕ್ಸೈಡಿನ ಅಂತಸ್ತುಗಳು ಮೊದಲೇ ಮುನಿಸಿಕೊಂಡಿರುತ್ತವೆ. ಬಿಸಿ 200 ಡಿಗ್ರಿ ಮುಟ್ಟುತ್ತಿದ್ದಂತೆ ಹರಳು ಮುರಿದು ಬೇರೆ ಆಕ್ಸೈಡಾಗಿ ಬದಲಾಗುತ್ತದೆ, ಮಿಕ್ಕ ಆಮ್ಲಜನಕವನ್ನು ಹೊರಕ್ಕೆ ಬಿಡುತ್ತದೆ. ಸಮೀಕರಣದಂತೆ ಲೆಕ್ಕ ಹಾಕಿ: 5,000 ಎಂಎಎಚ್ ಫೋನಿನಲ್ಲಿ ಸುಮಾರು 30 ಗ್ರಾಂ ಕೋಬಾಲ್ಟ್ ಆಕ್ಸೈಡ್ ಇದೆ, ಅದು ಬಿಡಬಲ್ಲ ಆಮ್ಲಜನಕ ಒಂದು ಲೀಟರಿಗೂ ಹೆಚ್ಚು. ಜೇಬಿನ ಫೋನಿನೊಳಗೆ, ಹರಳಿನಲ್ಲಿ ಅವಿತುಕೊಂಡ ಒಂದು ಲೀಟರ್ ಆಮ್ಲಜನಕ. ಕಂಬಳಿ ಮುಚ್ಚಿ ಗಾಳಿ ತಡೆದರೂ ಇಂಥ ಬೆಂಕಿ ಆರದಿರುವುದು ಇದಕ್ಕೇ. ನಿಕ್ಕೆಲ್ ಹೆಚ್ಚಿದ ಎನ್‌ಎಂಸಿಯಿಂದ ಲಿಥಿಯಂ ಇನ್ನೂ ಹೆಚ್ಚು ಹೊರಹೋಗಿರುತ್ತದೆ, ಆದ್ದರಿಂದ ಅದು ಇನ್ನೂ ಬೇಗ ಕೈಬಿಡುತ್ತದೆ. ಹೆಚ್ಚಿನ ಸಾಮರ್ಥ್ಯ ಮತ್ತು ಹೆಚ್ಚಿನ ಅಪಾಯ, ಎರಡರ ಮೂಲವೂ ಒಂದೇ.

ಎಲ್‌ಎಫ್‌ಪಿಯಲ್ಲಿ ಆಮ್ಲಜನಕ ರಂಜಕದ ಕೈಯಲ್ಲಿದೆ. ಒಂದು ರಂಜಕ ನಾಲ್ಕು ಆಮ್ಲಜನಕಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಲಿಥಿಯಂ ಪೂರ್ತಿ ಖಾಲಿಯಾದರೂ ಆ ಹಿಡಿತ ಸಡಿಲುವುದಿಲ್ಲ, 200 ಡಿಗ್ರಿಗೆ ಅದು ಜಗ್ಗುವುದಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ, ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿದ ಮೇಲೆ, ನಮ್ಮಲ್ಲಿಯೂ ಈ ರಂಜಕದ ಹಿಡಿತದ ಮಾತು ಹೆಚ್ಚಾಗಿ ಕೇಳಿಬಂತು.

ಎಲ್‌ಎಫ್‌ಪಿ ಎಂದರೆ ಬೆಂಕಿಯೇ ಇಲ್ಲ ಎಂದು ಮಾರುವವರನ್ನು ಮಾತ್ರ ನಂಬಬಾರದು. ಉರಿಯುವ ದ್ರವ ಅಲ್ಲೂ ಇದೆ. ಸೆಲ್ 80–120 ಡಿಗ್ರಿಗೆ ಕಾದಾಗ ಗ್ರಾಫೈಟ್ ಮೇಲಿನ ರಕ್ಷಾ ಪೊರೆ ಕಳಚುವುದು, 130ರ ಹೊತ್ತಿಗೆ ನಡುವಿನ ಪ್ಲಾಸ್ಟಿಕ್ ಕರಗುವುದು ಅಲ್ಲೂ ಆಗುತ್ತದೆ. ಆಗ ಬರುವ ಅನಿಲದಲ್ಲಿ ಹೈಡ್ರೋಜನ್ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡರೆ ಸಿಡಿಯುತ್ತದೆ. 2021ರ ಏಪ್ರಿಲ್‌ನಲ್ಲಿ ಬೀಜಿಂಗ್‌ನ ಫೆಂಗ್ಟಾಯ್ ಜಿಲ್ಲೆಯ ವಿದ್ಯುತ್ ಸಂಗ್ರಹ ಕೇಂದ್ರವೊಂದರಲ್ಲಿ ಎಲ್‌ಎಫ್‌ಪಿ ಬ್ಯಾಟರಿಗಳಿಂದ ಹೊಮ್ಮಿದ ಅನಿಲ ಸ್ಫೋಟಿಸಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಉರಿಗಿಂತ ಮೊದಲು ಬಿಳಿ ಹೊಗೆ, ಸಿಹಿ ಬೆರೆತ ಥಿನ್ನರಿನಂಥ ವಾಸನೆ ಬಂದರೆ ಅದು ದ್ರವ ಆವಿಯಾಗಿ ಹೊರಬರುತ್ತಿರುವ ಗುರುತು. ಆ ಹೊತ್ತಿನಲ್ಲಿ ಹತ್ತಿರ ಹೋಗಿ ನೋಡುವ ಕೆಲಸ ಯಾರೂ ಮಾಡಬಾರದು.

ತಮ್ಮ ವಾಹನದಲ್ಲಿ ಯಾವ ಮನೆಯಿದೆ ಎಂದು ತಿಳಿಯಲು ಸವಾರರಿಗೆ ಸುಲಭದ ಸುಳಿವೊಂದಿದೆ. ‘ದಿನವೂ ಶೇ. 80ಕ್ಕೆ ನಿಲ್ಲಿಸಿ’ ಎಂದು ಕೈಪಿಡಿ ಹೇಳಿದರೆ ಅದು ಹೆಚ್ಚಾಗಿ ಎನ್‌ಎಂಸಿ, ಅಂತಸ್ತುಗಳನ್ನು ಸುಮ್ಮನೆ ಪೂರ್ತಿ ಖಾಲಿ ಮಾಡಿ ನಿಲ್ಲಿಸಬೇಡಿ ಎಂಬ ಕಳಕಳಿ. ‘ವಾರಕ್ಕೊಮ್ಮೆಯಾದರೂ ಶೇ. 100 ಮಾಡಿ’ ಎಂದರೆ ಎಲ್‌ಎಫ್‌ಪಿ. ಎಲ್‌ಎಫ್‌ಪಿಯ ವೋಲ್ಟೇಜು ಅರ್ಧ ಖಾಲಿಯಾದರೂ ಮುಕ್ಕಾಲು ಖಾಲಿಯಾದರೂ 3.2ರ ಆಸುಪಾಸಿನಲ್ಲೇ ಚಪ್ಪಟೆಯಾಗಿ ನಿಂತಿರುತ್ತದೆ. ಆದ್ದರಿಂದ ಎಷ್ಟು ಉಳಿದಿದೆ ಎಂದು ವೋಲ್ಟೇಜು ನೋಡಿ ಹೇಳುವುದು ಕಷ್ಟ. ಒಳಗಿನ ಸರ್ಕ್ಯೂಟು ಹೋದ ಕರೆಂಟು, ಬಂದ ಕರೆಂಟು ಕೂಡಿ ಕಳೆದು ಅಂದಾಜು ಹೇಳುತ್ತದೆ, ದಿನ ಕಳೆದಂತೆ ಅಂದಾಜು ತಪ್ಪುತ್ತದೆ. ಪೂರ್ತಿ ತುಂಬಿದಾಗ ಮಾತ್ರ ವೋಲ್ಟೇಜು ಜಿಗಿಯುತ್ತದೆ, ಲೆಕ್ಕ ಸರಿಹೋಗುತ್ತದೆ. ಡಿಸ್‌ಪ್ಲೇನಲ್ಲಿ ಶೇ. 20 ಇದ್ದದ್ದು ಇದ್ದಕ್ಕಿದ್ದಂತೆ ಶೇ. 5 ಆಯಿತು ಎಂದು ದೂರುವವರಲ್ಲಿ ಬಹಳ ಮಂದಿ ತಿಂಗಳುಗಟ್ಟಲೆ ಅರೆಬರೆ ಚಾರ್ಜ್ ಮಾಡಿ ಓಡಿಸಿದವರು.

ಬ್ಯಾಟರಿ ಮುದಿಯಾಗುವುದರ ಲೆಕ್ಕ ಇನ್ನೂ ಬೆರಗಿನದು. 2,000 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೆ ಶೇ. 80ರಷ್ಟು ಸಾಮರ್ಥ್ಯ ಉಳಿಯಬೇಕು ಎಂದರೆ, ಪ್ರತಿ ಸಲವೂ 10,000 ಅಯಾನುಗಳಲ್ಲಿ 9,999 ಮರಳಿ ಬರಬೇಕು. 1,000ದಲ್ಲಿ 999 ಬಂದರೆ ಸಾಲದು. ಆ ಲೆಕ್ಕದಲ್ಲಿ 220 ಚಾರ್ಜ್ ಆಗುವಷ್ಟರಲ್ಲೇ ಶೇ. 80ಕ್ಕೆ ಇಳಿದಿರುತ್ತದೆ, ಸ್ಕೂಟರು ವರ್ಷ ತುಂಬುವ ಮುಂಚೆ ಮೂಲೆ ಸೇರುತ್ತಿತ್ತು. ಹತ್ತು ಸಾವಿರಕ್ಕೊಂದು ಎಂಬ ಈ ಅಲ್ಪ ನಷ್ಟವನ್ನು ಎಣಿಸಿದರೂ ಒಂದು ಚಾರ್ಜಿಗೆ 2 ಕೋಟಿ ಕೋಟಿ ಕೋಟಿ ಅಯಾನು. ಅವು ಎಲ್ಲಿಗೂ ಓಡಿಹೋಗಿಲ್ಲ. ಗ್ರಾಫೈಟ್ ಉಬ್ಬಿ ಇಳಿಯುವಾಗ ಅದರ ಮೈಮೇಲಿನ ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ರಕ್ಷಾ ಪೊರೆ ಅಲ್ಲಲ್ಲಿ ಬಿರುಕು ಬಿಡುತ್ತದೆ, ಬಿರುಕು ಮುಚ್ಚಲು ದ್ರವದ ಜೊತೆ ಸೇರಿ ಲಿಥಿಯಂ ಖರ್ಚಾಗುತ್ತದೆ. ಹೊಸ ಬ್ಯಾಟರಿಯ ಮೊಟ್ಟಮೊದಲ ಚಾರ್ಜನ್ನು ಕಾರ್ಖಾನೆಯಲ್ಲೇ ನಿಧಾನವಾಗಿ ಮಾಡುವುದು ಈ ಪೊರೆ ಕಟ್ಟಲಿ ಅಂತಲೇ.

ಹಾಗಾಗಿ ಶೇ. 80ಕ್ಕೆ ಇಳಿದ ಬ್ಯಾಟರಿಯ ಒಳಗೆ ಮೊದಲ ದಿನದ ಲಿಥಿಯಂ ಒಂದು ಗ್ರಾಮೂ ಕಡಿಮೆಯಾಗದೆ ಇದೆ. ಸುಮಾರು 50 ಗ್ರಾಂ ಪೊರೆಯಲ್ಲಿ ಸಿಕ್ಕಿಬಿದ್ದಿದೆ, ಅಷ್ಟೆ. ಗುಜರಿಗೆ ಬಂದ ಬ್ಯಾಟರಿಯಿಂದ ಅದನ್ನೆಲ್ಲ ಮರಳಿ ತೆಗೆಯಬಹುದು. ಆದರೆ ಇಲ್ಲಿ ಎಲ್‌ಎಫ್‌ಪಿಯ ಅಗ್ಗತನವೇ ತಿರುಗಿ ನಿಲ್ಲುತ್ತದೆ. ನಿಕ್ಕೆಲ್ ಹೆಚ್ಚಿರುವ ಎನ್‌ಎಂಸಿ ಬ್ಯಾಟರಿಯನ್ನು ಪುಡಿ ಮಾಡಿದವರಿಗೆ ನಮ್ಮ ಸ್ಕೂಟರಿನ ಗಾತ್ರದ್ದರಲ್ಲಿ 2 ಕಿಲೋ ನಿಕ್ಕೆಲ್ ಸಿಗುತ್ತದೆ, 2024ರ ಬೆಲೆಯಲ್ಲಿ 2,800 ರೂಪಾಯಿಯಷ್ಟು. ಜೊತೆಗೆ ಕೋಬಾಲ್ಟ್ 260 ಗ್ರಾಂ, ಲಿಥಿಯಂ ಬೇರೆ. ಎಲ್‌ಎಫ್‌ಪಿ ಪುಡಿ ಮಾಡಿದವರಿಗೆ ಕೈಗೆ ಬರುವುದು ಕಬ್ಬಿಣ, ರಂಜಕ ಮತ್ತು ಅದೇ ವರ್ಷದ ಬೆಲೆಯಲ್ಲಿ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ಬಾಳುವ ಲಿಥಿಯಂ. ಲಿಥಿಯಂ ಬೆಲೆ ಇಳಿದ ವರ್ಷ ಬಿಡಿಸುವ ಕೂಲಿಯೂ ಅದರಲ್ಲಿ ಹುಟ್ಟುವುದಿಲ್ಲ. ಇಂದು ರಸ್ತೆಗಿಳಿಯುತ್ತಿರುವ ಎಲ್‌ಎಫ್‌ಪಿ ಸ್ಕೂಟರುಗಳು ಎಂಟು ಹತ್ತು ವರ್ಷಗಳಲ್ಲಿ ಗುಜರಿ ಅಂಗಡಿಗೆ ಬರಲಿವೆ, ಅವನ್ನು ಕಾಸು ಕೊಟ್ಟು ಕೊಳ್ಳುತ್ತಾರೋ, ಸಾಗಿಸಲು ನಮ್ಮಿಂದಲೇ ಕಾಸು ಕೇಳುತ್ತಾರೋ ಎಂಬುದು ಆ ವರ್ಷದ ಲಿಥಿಯಂ ಧಾರಣೆಯ ಮೇಲೆ ನಿಂತಿದೆ.